ಸರ್ಟಿಫಿಕೇಟ್ ಜೊತೆಗಿದೆ ಎಂದು ಹೇಳಿ, ಅದರಲ್ಲಿ ಏನಿದೆ ಎಂದು ಹೇಳಬೇಡಿ

ಪ್ರಶ್ನೆ: ನನಗೆ ಹರ್ನಿಯಾ ಆಪರೇಷನ್ ಆಗಿದೆ. ಡಾಕ್ಟರು ಕೊಟ್ಟ ಸರ್ಟಿಫಿಕೇಟಿನಲ್ಲಿ ಕಾಯಿಲೆ ಹೆಸರು, ಆಪರೇಷನ್ ವಿವರ, ಜೂನ್ 12ರಿಂದ 21ರವರೆಗೆ 10 ದಿನ ವಿಶ್ರಾಂತಿ, ಜುಲೈ 24ರವರೆಗೆ ಭಾರ ಎತ್ತಬಾರದು ಅಂತ ಎಲ್ಲ ಇದೆ. ನೋವು ಶುರುವಾಗಿದ್ದು 11ಕ್ಕೆ, ಅವತ್ತಿನಿಂದಲೇ ನಾನು ಆಫೀಸಿಗೆ ಹೋಗಿಲ್ಲ. ರಜೆ ಮೇಲ್ ಬರೆಯಲು ಕೂತರೆ ಸರ್ಟಿಫಿಕೇಟಿನಲ್ಲಿ ಇರೋದನ್ನೇ ಮತ್ತೆ ಬರೆದಂತಾಗುತ್ತಿದೆ. ಸುಮ್ನೆ "ಲಗತ್ತು ನೋಡಿ" ಅಂದರೆ ಒರಟಾಗುತ್ತದೆ ಅನ್ನಿಸುತ್ತದೆ. ಮೇಲ್ ಮ್ಯಾನೇಜರ್‌ಗೆ ಹೋಗುತ್ತದೆ, ಎಚ್‌ಆರ್‌ಗೆ ಸಿಸಿ. ಹೇಗೆ ಬರೆಯಲಿ?

ಉತ್ತರ:

ಮೊದಲು ಮೇಲ್ ಕೊಟ್ಟುಬಿಡುತ್ತೇನೆ. ಅವಸರ ಇದ್ದರೆ ಇದನ್ನೇ ಕಳಿಸಿ, ಕಾರಣಗಳನ್ನು ಆಮೇಲೆ ಓದಿಕೊಳ್ಳಿ.

> ವಿಷಯ: ರಜೆ ಕೋರಿಕೆ, ಜೂನ್ 11ರಿಂದ 21
>
> ಸರ್,
>
> ಆರೋಗ್ಯದ ಕಾರಣದಿಂದ ನನಗೆ ಜೂನ್ 11ರಿಂದ 21ರವರೆಗೆ, ಎರಡೂ ದಿನ ಸೇರಿ, ರಜೆ ಬೇಕು. 22ರಂದು ಕೆಲಸಕ್ಕೆ ಬರುತ್ತೇನೆ.
>
> ಜೂನ್ 12ರಂದು ವೈದ್ಯರು ಕೊಟ್ಟ ಪ್ರಮಾಣಪತ್ರವನ್ನು ಲಗತ್ತಿಸಿದ್ದೇನೆ. ಅದು 12ರಿಂದ 21ರವರೆಗಿನ ದಿನಗಳಿಗೆ ಇದೆ. 11ರಂದು ಮನೆಯಲ್ಲೇ ಇದ್ದೆ, ವೈದ್ಯರನ್ನು ಕಂಡಿದ್ದು ಮರುದಿನ. ಆ ಒಂದು ದಿನವನ್ನು ನನ್ನ ಸಾಮಾನ್ಯ ರಜೆಯಲ್ಲಿ ಸೇರಿಸಿಕೊಳ್ಳಬಹುದು.
>
> ಕೆಲಸಕ್ಕೆ ಬಂದ ಮೇಲೂ ಜುಲೈ 24ರವರೆಗೆ ಭಾರ ಎತ್ತುವ ಕೆಲಸ ಮಾಡಲಾಗುವುದಿಲ್ಲ.
>
> ತಿಂಗಳ ವರದಿಯ ಅರ್ಧ ಭಾಗ ಸಿದ್ಧವಿದೆ, ಹಂಚಿಕೊಂಡ ಫೋಲ್ಡರ್‌ನಲ್ಲಿ ಇಟ್ಟಿದ್ದೇನೆ. ತುರ್ತು ಇದ್ದರೆ ಮೆಸೇಜ್ ಮಾಡಿ, ಸಂಜೆ ನೋಡಿ ಉತ್ತರಿಸುತ್ತೇನೆ.

ಇದರಲ್ಲಿ ಹರ್ನಿಯಾ ಇಲ್ಲ, ಆಪರೇಷನ್ ಇಲ್ಲ, "10 ದಿನ" ಎಂಬ ಲೆಕ್ಕ ಇಲ್ಲ, ಡಾಕ್ಟರ ಹೆಸರೂ ಇಲ್ಲ. ಆದರೂ ನಿಮ್ಮ ಮ್ಯಾನೇಜರು ಲಗತ್ತನ್ನು ತೆರೆಯದೆ ರಜೆ ಮಂಜೂರು ಮಾಡಬಹುದು, ಕೆಲಸ ಯಾರಿಗೆ ಕೊಡಬೇಕು ಎಂದು ನಿರ್ಧರಿಸಬಹುದು. ಎಚ್‌ಆರ್‌ನವರು ಲಗತ್ತನ್ನು ತೆರೆದಾಗ ಏನು ನೋಡಬೇಕು ಎಂಬುದೂ ಅವರಿಗೆ ಮೊದಲೇ ಗೊತ್ತಿರುತ್ತದೆ.

ನಾನು ಸುಮಾರು ವರ್ಷ ರಜೆ ಅರ್ಜಿಗಳನ್ನು ಪರಿಶೀಲಿಸುವ ಸೀಟಿನಲ್ಲಿ ಕೂತಿದ್ದವನು, ಅಂದರೆ ಈ ಮೇಲ್‌ಗಳು ಬಂದು ಬೀಳುವ ಕಡೆ. ಅಲ್ಲಿಂದ ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಬರೆಯುವವರು ತಮ್ಮ ಮೇಲ್ ಅನ್ನು ಕಾಯಿಲೆಯ ಕಥೆ ಎಂದುಕೊಂಡು ಬರೆಯುತ್ತಾರೆ. ಓದುವವರು ಅದರಲ್ಲಿ ಹುಡುಕುವುದು ಎರಡು ತಾರೀಕು ಮತ್ತು ಒಂದು ಫೈಲು. ಜರ್ಮನಿಯಲ್ಲಿ ಉದ್ಯೋಗದಾತರಿಗೆ ಸಿಗುವ ಅನಾರೋಗ್ಯದ ದಾಖಲೆಯಲ್ಲಿ ಕಾಯಿಲೆಯ ಹೆಸರು ಇರುವುದೇ ಇಲ್ಲ, ಎಂದಿನಿಂದ ಎಂದಿನವರೆಗೆ ಕೆಲಸ ಮಾಡಲಾಗದು ಎಂಬುದಷ್ಟೇ ಇರುತ್ತದೆ. ಅಷ್ಟರಲ್ಲೇ ಅಲ್ಲಿಯ ಆಫೀಸುಗಳು ನಡೆಯುತ್ತಿವೆ, ಅಲ್ವಾ?

ಹಾಗಾದರೆ ಲಗತ್ತನ್ನು ಹೇಳುವ ಆ ವಾಕ್ಯದಲ್ಲಿ ಏನಿರಬೇಕು? ಮೂರೇ ಸಂಗತಿ. ಇದು ಯಾವ ಕಾಗದ, ಎಂದು ಕೊಟ್ಟಿದ್ದು, ಯಾವ ದಿನಗಳಿಗೆ ಕೊಟ್ಟಿದ್ದು. ಕವರಿನ ಮೇಲೆ ವಿಳಾಸ ಬರೆದ ಹಾಗೆ ಅಂದುಕೊಳ್ಳಿ, ಒಳಗಿನ ಪತ್ರವನ್ನು ಯಾರೂ ಕವರಿನ ಮೇಲೆ ಬರೆಯುವುದಿಲ್ಲ.

ಯಾವ ಕಾಗದ ಎಂದು ಹೆಸರಿಟ್ಟು ಹೇಳುವುದು ಯಾಕೆ ಮುಖ್ಯ ಎಂದರೆ, ಆಸ್ಪತ್ರೆಯಿಂದ ಬರುವಾಗ ಕೈಯಲ್ಲಿ ಒಂದೇ ಕಾಗದ ಇರುವುದಿಲ್ಲ. ಮಾತ್ರೆ ಚೀಟಿ, ರಕ್ತ ಪರೀಕ್ಷೆಯ ವರದಿ, ಬಿಲ್ಲು, ಡಿಸ್ಚಾರ್ಜ್ ಸಮ್ಮರಿ, ಅದರ ಜೊತೆ ಈ ಸರ್ಟಿಫಿಕೇಟ್. ಜನ "ದಾಖಲೆಗಳನ್ನು ಲಗತ್ತಿಸಿದ್ದೇನೆ" ಎಂದು ಬರೆದು ಐದು ಫೋಟೊ ಕಳಿಸುತ್ತಾರೆ. ನಾನು ಒಂದೊಂದನ್ನೇ ತೆರೆದು ಹುಡುಕಬೇಕು. ಅದರ ಮಧ್ಯೆ ನನಗೆ ಬೇಡವಾದ್ದೆಲ್ಲ ಕಣ್ಣಿಗೆ ಬೀಳುತ್ತದೆ. ಡಿಸ್ಚಾರ್ಜ್ ಸಮ್ಮರಿಯಲ್ಲಂತೂ ನಿಮ್ಮ ಹಳೆಯ ಕಾಯಿಲೆಗಳು, ತಗೊಳ್ಳುತ್ತಿರುವ ಮಾತ್ರೆಗಳು, ಕುಡಿಯುವ ಸೇದುವ ಅಭ್ಯಾಸ ಎಲ್ಲ ಇರಬಹುದು. ಮೇಲ್‌ನಲ್ಲಿ ಒಂದು ಪದ ಜಾಸ್ತಿ ಬರೆಯದೆ ಎಚ್ಚರ ವಹಿಸಿ, ಆ ಸಮ್ಮರಿಯನ್ನು ಲಗತ್ತಿಸಿದರೆ ಏನು ಬಂತು? ಆಫೀಸು ಕೇಳಿದ್ದು ಸರ್ಟಿಫಿಕೇಟ್ ಆದರೆ ಅದೊಂದನ್ನೇ ಕಳಿಸಿ. ಬಿಲ್ಲು ಹಣ ವಾಪಸ್ ಪಡೆಯಲು ಬೇಕಾಗಬಹುದು, ಅದು ಬೇರೆ ಮೇಲ್, ಬೇರೆ ಮೇಜು.

ಎರಡನೆಯದು ಕಾಗದದ ತಾರೀಕು. ಇದು ಯಾವಾಗ ಕೆಲಸಕ್ಕೆ ಬರುತ್ತದೆ ಎಂದರೆ, ರಜೆ ಮುಂದುವರಿದು ಇನ್ನೊಂದು ಸರ್ಟಿಫಿಕೇಟ್ ಬಂದಾಗ. ಒಂದೇ ಹೆಸರಿನ ಎರಡು ಕಾಗದ ಫೈಲಿನಲ್ಲಿ ಕೂತಾಗ ಬೇರೆ ಮಾಡಿ ಹೇಳುವುದು ತಾರೀಕು ಮಾತ್ರ. ಇದರ ಬಗ್ಗೆ ಇಷ್ಟು ಸಾಕು.

ಮೂರನೆಯದು, ಯಾವ ದಿನಗಳಿಗೆ ಎಂಬುದು. ಇಲ್ಲಿ ನೀವು ಕೇಳಬಹುದು, ಇದೂ ಸರ್ಟಿಫಿಕೇಟಿನಲ್ಲಿ ಇರುವುದೇ ತಾನೇ, ಇದು ಪುನರಾವರ್ತನೆ ಅಲ್ವಾ ಅಂತ. ಹೌದು, ಇದೊಂದನ್ನು ಬೇಕಂತಲೇ ಎರಡು ಸಲ ಹೇಳುತ್ತೇವೆ. ಯಾಕೆಂದರೆ ನೀವು ಕೇಳುವ ರಜೆಯ ದಿನಗಳೂ ಸರ್ಟಿಫಿಕೇಟಿನ ದಿನಗಳೂ ಒಂದೇ ಆಗಿರಬೇಕೆಂದಿಲ್ಲ. ನಿಮ್ಮದರಲ್ಲೇ ನೋಡಿ, ರಜೆ 11ರಿಂದ, ಸರ್ಟಿಫಿಕೇಟ್ 12ರಿಂದ. ಎರಡೂ ಒಂದೇ ಆಗಿದ್ದರೆ "ಅದೇ ದಿನಗಳಿಗೆ ವೈದ್ಯರ ಪ್ರಮಾಣಪತ್ರ ಲಗತ್ತಿಸಿದ್ದೇನೆ" ಎಂದರೆ ಮುಗಿಯಿತು, ತಾರೀಕನ್ನು ಮತ್ತೆ ಬರೆಯುವ ಅಗತ್ಯವೂ ಇಲ್ಲ. ಬೇರೆ ಇದ್ದಾಗ ಮಾತ್ರ ಬಿಡಿಸಿ ಹೇಳಬೇಕು.

ಈ ಒಂದು ದಿನದ ವ್ಯತ್ಯಾಸವನ್ನು ಮುಚ್ಚಿಡಲು ಹೋಗಿ ಜನ ಸಿಕ್ಕಿಹಾಕಿಕೊಳ್ಳುತ್ತಾರೆ. "11ರಿಂದ 21ರವರೆಗೆ ರಜೆ ಬೇಕು, ಸರ್ಟಿಫಿಕೇಟ್ ಲಗತ್ತಿಸಿದೆ" ಎಂದಷ್ಟೇ ಬರೆದರೆ ಓದುವವರಿಗೆ ಮೊದಲು ಅನ್ನಿಸುವುದು ಪೂರ್ತಿ 11ರಿಂದಲೇ ಸರ್ಟಿಫಿಕೇಟ್ ಇದೆ ಎಂದು. ತೆರೆದು ನೋಡಿದರೆ 12. ಈಗ ಅವರು ನಿಮಗೆ ಮೇಲ್ ಬರೆದು ಕೇಳಬೇಕು, ಬೆಡ್ ಮೇಲೆ ಮಲಗಿರುವ ನೀವು ಉತ್ತರ ಬರೆಯಬೇಕು. ಡಾಕ್ಟರು ಸಾಮಾನ್ಯವಾಗಿ ತಾವು ನೋಡಿದ ದಿನದಿಂದಲೇ ಬರೆದುಕೊಡುತ್ತಾರೆ, ನೋಡದ ದಿನಕ್ಕೆ ಬರೆದುಕೊಡಲು ಒಪ್ಪುವವರು ಕಡಿಮೆ. ಆದ್ದರಿಂದ ಮೊದಲ ದಿನ ಹೊರಗುಳಿಯುವುದು ತೀರಾ ಸಾಮಾನ್ಯ. ಅದನ್ನು ನೀವೇ ಮೊದಲು ಹೇಳಿ, ಆ ದಿನವನ್ನು ಯಾವ ರಜೆಗೆ ಹಾಕಬಹುದು ಎಂದೂ ಸೂಚಿಸಿದರೆ ಅಲ್ಲಿಗೆ ಪ್ರಶ್ನೆ ಹುಟ್ಟುವುದೇ ಇಲ್ಲ. ಕೆಲವು ಆಫೀಸುಗಳಲ್ಲಿ ಒಂದೆರಡು ದಿನದ ಅನಾರೋಗ್ಯಕ್ಕೆ ಸರ್ಟಿಫಿಕೇಟೇ ಬೇಡ. ಹಾಗಿದ್ದರೆ ಸಾಮಾನ್ಯ ರಜೆ ಎನ್ನುವ ಬದಲು ಅದನ್ನೂ ಅನಾರೋಗ್ಯ ರಜೆಯಲ್ಲೇ ಕೇಳಿ.

ಇನ್ನು "10 ದಿನ" ಎಂಬುದನ್ನು ಯಾಕೆ ಬಿಟ್ಟೆ ಎಂಬುದು. ಇಲ್ಲಿ ನನ್ನದೇ ಒಂದು ಪೆದ್ದುತನ ಹೇಳಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಜ್ವರ ಬಂದು ಮಲಗಿದ್ದೆ. ಸರ್ಟಿಫಿಕೇಟಿನಲ್ಲಿ 10 ದಿನ ವಿಶ್ರಾಂತಿ ಎಂದಿತ್ತು, ನಿಮ್ಮ ಹಾಗೆ 12ರಿಂದ 21. ನಾನು ಮೇಲ್‌ನಲ್ಲಿ ಅದನ್ನೇ ಮತ್ತೆ ಬರೆಯಲು ಹೋಗಿ, 12ಕ್ಕೆ 10 ಕೂಡಿಸಿ, "12ರಿಂದ 22ರವರೆಗೆ 10 ದಿನ" ಎಂದು ಬರೆದೆ. ಎಣಿಸಿ ನೋಡಿ, ಅದು 11 ದಿನ. ಮೊದಲ ದಿನವೂ ಲೆಕ್ಕಕ್ಕೆ ಸೇರುತ್ತದೆ ಎಂಬುದು ಜ್ವರದ ತಲೆಗೆ ಹೊಳೆಯಲಿಲ್ಲ. ಈಗ ಆಫೀಸಿನವರ ಮುಂದೆ ಮೂರು ಹೇಳಿಕೆ ಇದ್ದವು. ಸರ್ಟಿಫಿಕೇಟ್ 21 ಎನ್ನುತ್ತದೆ, ಮೇಲ್ 22 ಎನ್ನುತ್ತದೆ, ಅದೇ ಮೇಲ್ 10 ದಿನ ಎಂದೂ ಹೇಳುತ್ತದೆ. ಯಾವುದನ್ನು ನಂಬಬೇಕು? ನಾಲ್ಕು ಮೇಲ್ ಓಡಾಡಿದವು, 22ರ ರಜೆಗೆ ದಾಖಲೆ ಇಲ್ಲ ಎಂದು ಆ ದಿನದ ಸಂಬಳ ಹಿಡಿದು ಮುಂದಿನ ತಿಂಗಳು ಕೊಟ್ಟರು. ತಪ್ಪು ನನ್ನದೇ. ಸರ್ಟಿಫಿಕೇಟನ್ನು ಮುಟ್ಟದೆ ಬಿಟ್ಟಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ.

ದಿನಗಳ ಎಣಿಕೆಯಲ್ಲಿ ಇನ್ನೊಂದು ತೊಡಕೂ ಇದೆ. ಡಾಕ್ಟರು ಕ್ಯಾಲೆಂಡರ್ ನೋಡಿ ಎಣಿಸುತ್ತಾರೆ, ಆಫೀಸು ಕೆಲಸದ ದಿನ ನೋಡಿ ಎಣಿಸುತ್ತದೆ. ನಿಮ್ಮ 11 ಸೋಮವಾರ ಎಂದಿಟ್ಟುಕೊಳ್ಳಿ. ಆಗ 12 ಮಂಗಳವಾರ, 21 ಗುರುವಾರ. ಡಾಕ್ಟರ ಲೆಕ್ಕದಲ್ಲಿ ಇದು 10 ದಿನ. ಶನಿವಾರ ಭಾನುವಾರ ಎರಡೂ ರಜೆ ಇರುವ ಆಫೀಸಿನಲ್ಲಿ 16 ಮತ್ತು 17 ಕಳೆದರೆ ನಿಮ್ಮ ಖಾತೆಯಿಂದ ಹೋಗುವುದು 8 ದಿನ, ಸೋಮವಾರದ 11 ಸೇರಿದರೆ 9. ಭಾನುವಾರ ಒಂದೇ ರಜೆ ಇದ್ದರೆ 9 ಮತ್ತು 10. ನಡುವಿನ ರಜಾದಿನಗಳನ್ನೂ ಸೇರಿಸಿಯೇ ಎಣಿಸುವ ಆಫೀಸುಗಳೂ ಇವೆ. ಹೀಗಿರುವಾಗ ಸರ್ಟಿಫಿಕೇಟಿನ "10" ಎಂಬ ಅಂಕಿಯನ್ನು ಮೇಲ್‌ಗೆ ಎತ್ತಿಕೊಂಡು ಬಂದರೆ, ಅದು ಅಲ್ಲಿ ಬೇರೆಯೇ ಅರ್ಥ ಕೊಡುತ್ತದೆ. ನೀವು ತಾರೀಕು ಬರೆಯಿರಿ, "ಎರಡೂ ದಿನ ಸೇರಿ" ಎಂದು ಸೇರಿಸಿ, ಯಾವತ್ತು ಬರುತ್ತೀರಿ ಎಂದು ಹೇಳಿ. ಎಣಿಸುವ ಕೆಲಸ ಅವರಿಗೆ ಬಿಡಿ. "21ರವರೆಗೆ" ಎಂದರೆ 21 ಸೇರಿತೋ ಇಲ್ಲವೋ ಎಂಬ ಜಗಳಕ್ಕೆ "22ರಂದು ಬರುತ್ತೇನೆ" ಎಂಬ ಎರಡು ಪದಕ್ಕಿಂತ ಒಳ್ಳೆಯ ಮದ್ದಿಲ್ಲ.

ಈಗ ಕಾಯಿಲೆಯ ಹೆಸರಿಗೆ ಬರೋಣ. ಇದು ಮುಜುಗರದ ಪ್ರಶ್ನೆ ಮಾತ್ರ ಎಂದು ಬಹಳ ಜನ ಅಂದುಕೊಳ್ಳುತ್ತಾರೆ. "ನನಗೇನೂ ಮುಚ್ಚಿಡೋದಿಲ್ಲ, ಬರೆದರೆ ಏನಾಯ್ತು" ಎನ್ನುತ್ತಾರೆ. ಮುಚ್ಚಿಡುವ ವಿಷಯಕ್ಕಿಂತ ಮೊದಲು ಮೇಲ್ ಹೇಗೆ ಓಡಾಡುತ್ತದೆ ಎಂಬುದನ್ನು ತಿಳಿದುಕೊಳ್ಳಿ. ಒಂದು ಮೇಲ್‌ಗೆ ರಿಪ್ಲೈ ಮಾಡಿದಾಗ ಸಾಮಾನ್ಯವಾಗಿ ಲಗತ್ತು ಹೋಗುವುದಿಲ್ಲ, ಆದರೆ ನೀವು ಬರೆದ ಪೂರ್ತಿ ಬರಹ ಕೆಳಗಡೆ ಹಾಗೇ ಅಂಟಿಕೊಂಡು ಹೋಗುತ್ತದೆ. ಫಾರ್ವರ್ಡ್ ಮಾಡಿದರೆ ಎರಡೂ ಹೋಗುತ್ತವೆ. ಅಂದರೆ ಲಗತ್ತಿನೊಳಗಿನ ಮಾತು ಒಂದು ಕಡೆ ನಿಲ್ಲಬಹುದು, ಮೇಲ್‌ನೊಳಗಿನ ಮಾತು ಪ್ರತಿ ಉತ್ತರದ ಬಾಲವಾಗಿ ಸುತ್ತುತ್ತದೆ.

ನಮ್ಮಲ್ಲಿ ಒಬ್ಬರಿಗೆ ಮೂಲವ್ಯಾಧಿಯ ಆಪರೇಷನ್ ಆಗಿತ್ತು. ಪಾಪ, ಪ್ರಾಮಾಣಿಕ ಮನುಷ್ಯ, ಸರ್ಟಿಫಿಕೇಟಿನಲ್ಲಿ ಇದ್ದದ್ದನ್ನೆಲ್ಲ ಮೇಲ್‌ನಲ್ಲಿ ನೀಟಾಗಿ ಬರೆದರು. ಅವರ ಮೇಲಧಿಕಾರಿ ಅದಕ್ಕೇ ರಿಪ್ಲೈ ಒತ್ತಿ, ತಂಡದ ಎಲ್ಲರನ್ನೂ ಸೇರಿಸಿ, "ಇವರ ಕೆಲಸ ಈ ವಾರ ಯಾರು ನೋಡಿಕೊಳ್ಳುತ್ತೀರಿ?" ಎಂದು ಕೇಳಿದರು. ಸರ್ಟಿಫಿಕೇಟ್ ಯಾರಿಗೂ ಹೋಗಲಿಲ್ಲ. ಕೆಳಗಿನ ಬರಹ ಎಲ್ಲರಿಗೂ ಹೋಯಿತು. ಅವರು ವಾಪಸ್ ಬಂದ ದಿನ ಕುರ್ಚಿಯ ಮೇಲೆ ಯಾರೋ ಮೆತ್ತನೆಯ ದಿಂಬು ಇಟ್ಟಿದ್ದರು. ಕಾಳಜಿಯಿಂದಲೋ ಕುಚೋದ್ಯದಿಂದಲೋ ಇವತ್ತಿಗೂ ನನಗೆ ಗೊತ್ತಾಗಿಲ್ಲ. ಆ ಮೇಲಧಿಕಾರಿಯದ್ದು ಕೆಟ್ಟ ಉದ್ದೇಶ ಏನೂ ಇರಲಿಲ್ಲ, ಕೆಳಗೆ ಏನು ಅಂಟಿಕೊಂಡಿದೆ ಎಂದು ನೋಡಲಿಲ್ಲ, ಅಷ್ಟೆ. ಯಾರೂ ನೋಡುವುದಿಲ್ಲ.

ಆದ್ದರಿಂದ ಮೇಲ್ ಬರೆದು ಮುಗಿಸಿದ ಮೇಲೆ ನನ್ನದೊಂದು ಪರೀಕ್ಷೆ ಇದೆ. ಡಾಕ್ಟರು ಇದೇ ತಾರೀಕುಗಳಿಗೆ ಬೇರೆ ಯಾವುದೋ ಕಾಯಿಲೆ ಹೆಸರು ಬರೆದು ಸರ್ಟಿಫಿಕೇಟ್ ಕೊಟ್ಟಿದ್ದರೆ ಈ ಮೇಲ್‌ನಲ್ಲಿ ಏನಾದರೂ ತಿದ್ದಬೇಕಾಗುತ್ತಿತ್ತಾ? ಹೌದು ಎಂದಾದರೆ ತಿದ್ದಬೇಕಾಗುವ ಆ ಜಾಗದಲ್ಲೇ ಸರ್ಟಿಫಿಕೇಟ್ ಮೇಲ್‌ನೊಳಗೆ ಸೋರಿದೆ. ಆ ಸಾಲು ಅಳಿಸಿ. ಮೇಲೆ ಕೊಟ್ಟ ಮೇಲ್‌ಗೆ ಹಚ್ಚಿ ನೋಡಿ. ಬೆನ್ನುನೋವಾದರೂ ಅದೇ ಮೇಲ್ ನಡೆಯುತ್ತದೆ.

ಭಾರ ಎತ್ತುವ ವಾಕ್ಯ ಸರ್ಟಿಫಿಕೇಟಿನಿಂದಲೇ ಬಂದಿದೆಯಲ್ಲ, ಅದನ್ನು ಯಾಕೆ ಇಟ್ಟಿದ್ದು ಎಂದು ಕೇಳಬಹುದು. ಅದನ್ನು ಇಡಲೇಬೇಕು, ಯಾಕೆಂದರೆ ಅದರ ಮೇಲೆ ಮ್ಯಾನೇಜರು ಏನಾದರೂ ಮಾಡಬೇಕಾಗಿದೆ. ನೀವು 22ಕ್ಕೆ ಬಂದಾಗ ಅವರು ನಿಮಗೆ ಪೆಟ್ಟಿಗೆ ಹೊರುವ ಕೆಲಸ ಹೇಳಬಾರದು, ಅದಕ್ಕೆ ಮೊದಲೇ ಬೇರೆಯವರನ್ನು ನೋಡಿಕೊಳ್ಳಬೇಕು. ಮೇಲ್‌ನಲ್ಲಿ ಇರಬೇಕೋ ಬೇಡವೋ ಎಂದು ನಾನು ನಿರ್ಧರಿಸುವುದು ಹೀಗೆ: ಓದುವವರು ಇದರಿಂದ ಏನಾದರೂ ಬದಲಿಸಬೇಕೇ? ವಿಶ್ರಾಂತಿಯ ತಾರೀಕು, ಕೆಲಸದ ಮಿತಿ, ರಾತ್ರಿ ಪಾಳಿ ಆಗದು, ವಾರಕ್ಕೊಮ್ಮೆ ಮಧ್ಯಾಹ್ನ ಚಿಕಿತ್ಸೆಗೆ ಹೋಗಬೇಕು, ಇಂಥವು ಬೇಕು. ಯಾಕೆ ಆಗದು ಎಂಬುದು ಬೇಡ. ನೀವು ಆಫೀಸಿನಲ್ಲಿ ಭಾರವನ್ನೇ ಎತ್ತುವವರಲ್ಲ, ಇಡೀ ದಿನ ಕಂಪ್ಯೂಟರ್ ಮುಂದೆ ಕೂರುವವರು ಎಂದಾದರೆ ಆ ಸಾಲೂ ಬೇಡ, ಸರ್ಟಿಫಿಕೇಟಿನಲ್ಲೇ ಮಲಗಿರಲಿ. ಗಮನಿಸಿ, ಆ ಸಾಲನ್ನು "ಆಪರೇಷನ್ ಆದ ಕಾರಣ ವೈದ್ಯರು ಭಾರ ಎತ್ತಬಾರದೆಂದು ಸಲಹೆ ನೀಡಿರುತ್ತಾರೆ" ಎಂದು ಬರೆದಿಲ್ಲ. ಕೆಲಸದ ಭಾಷೆಯಲ್ಲಿ, ಕೊನೆಯ ತಾರೀಕಿನ ಸಮೇತ ಬರೆದಿದ್ದೇನೆ.

ಅಂಟುವ ಕಾಯಿಲೆ ಮಾತ್ರ ಇದಕ್ಕೆ ಹೊರತು. ಪಕ್ಕದಲ್ಲಿ ಕೂತವರಿಗೂ ತಗಲಿರಬಹುದಾದ ಕಾಯಿಲೆ ಆದರೆ ಆಫೀಸಿಗೆ ಹೆಸರು ಹೇಳಬೇಕಾಗುತ್ತದೆ. ಆದರೆ ಅದನ್ನು ರಜೆ ಮೇಲ್‌ನಲ್ಲಿ ಅಲ್ಲ, ಎಚ್‌ಆರ್‌ಗೆ ಫೋನ್ ಮಾಡಿ ಅಥವಾ ಅವರೊಬ್ಬರಿಗೇ ಬೇರೆ ಮೇಲ್ ಬರೆದು.

ನಿಮ್ಮ ಇನ್ನೊಂದು ಅನುಮಾನ, "ಲಗತ್ತು ನೋಡಿ" ಎಂದರೆ ಒರಟಾಗುತ್ತದಾ ಎಂಬುದು. ಒರಟುತನಕ್ಕಿಂತ ಅದರ ತೊಂದರೆ ಬೇರೆ. ಮ್ಯಾನೇಜರು ಬಹುಶಃ ಮೇಲ್ ಅನ್ನು ಮೊಬೈಲಿನಲ್ಲಿ ಓದುತ್ತಾರೆ, ಮೀಟಿಂಗ್ ನಡುವೆ. ಅವರು ಫೈಲ್ ಇಳಿಸಿಕೊಂಡು, ಹಿಗ್ಗಿಸಿ, ಡಾಕ್ಟರ ಅಕ್ಷರ ಓದಿ, ಅದರಿಂದ ನಿಮ್ಮ ರಜೆ ಎಷ್ಟು ದಿನ ಎಂದು ಕಂಡುಹಿಡಿಯಬೇಕು ಎಂದರೆ ಆ ಕೆಲಸ ಸಂಜೆಗೆ, ಆಮೇಲೆ ನಾಳೆಗೆ ಹೋಗುತ್ತದೆ. ಅದೂ ಅಲ್ಲದೆ ಸರ್ಟಿಫಿಕೇಟ್ ನಿಮ್ಮ ಪರವಾಗಿ ರಜೆ ಕೇಳುವುದಿಲ್ಲ. ಈ ದಿನಗಳಲ್ಲಿ ಇವರಿಗೆ ವಿಶ್ರಾಂತಿ ಬೇಕು ಎಂದಷ್ಟೇ ಹೇಳುತ್ತದೆ. ಕೇಳುವುದು ನೀವು. ಹಾಗಾಗಿ ಕೋರಿಕೆ ಮೊದಲ ವಾಕ್ಯದಲ್ಲಿ, ಲಗತ್ತಿನ ಮಾತು ಅದರ ನಂತರ. ಬಹಳ ಜನ ತಿರುಗುಮುರುಗು ಮಾಡುತ್ತಾರೆ, "ಲಗತ್ತಿಸಿದ ಪ್ರಮಾಣಪತ್ರದಂತೆ..." ಎಂದು ಶುರು ಮಾಡಿ ಕೋರಿಕೆಯನ್ನು ಕೊನೆಗೆ ತಳ್ಳುತ್ತಾರೆ.

ಪದಗಳ ಬಗ್ಗೆಯೂ ಒಂದು ಮಾತು. "ಲಗತ್ತಿಸಿದ್ದೇನೆ" ಎಂಬುದೇ ಒಳ್ಳೆಯದು. "ಲಗತ್ತಿಸಲಾಗಿರುತ್ತದೆ" ಎಂದು ಬರೆದರೆ ಮೇಲ್ ಸರ್ಕಾರಿ ಸುತ್ತೋಲೆಯಂತೆ ಕೇಳುತ್ತದೆ, ಯಾರು ಲಗತ್ತಿಸಿದ್ದು ಎಂಬುದೂ ತಪ್ಪಿಹೋಗುತ್ತದೆ. "ಸದರಿ ಪ್ರಮಾಣಪತ್ರದಲ್ಲಿ ಕಾಣಿಸಿರುವಂತೆ" ಎಂಬುದಂತೂ ಬೇಡವೇ ಬೇಡ, ಯಾಕೆಂದರೆ ಅದನ್ನು ಬರೆದ ಕೂಡಲೇ ಮುಂದಿನ ಸಾಲಿನಲ್ಲಿ ಕಾಣಿಸಿರುವುದನ್ನು ಬರೆಯಲೇಬೇಕಾಗುತ್ತದೆ, ಆ ನುಡಿಗಟ್ಟೇ ನಿಮ್ಮನ್ನು ಪುನರಾವರ್ತನೆಗೆ ಎಳೆಯುತ್ತದೆ. "ಹೆಚ್ಚಿನ ವಿವರಗಳಿಗೆ ಲಗತ್ತನ್ನು ನೋಡಿ" ಎಂಬುದೂ ಬೇಡ, ಹೆಚ್ಚಿನ ವಿವರ ನೋಡಿ ಎಂದು ನೀವೇ ಯಾಕೆ ಕರೆಯುತ್ತೀರಿ? "ಪ್ರಮಾಣಪತ್ರ" ಎಂದರೂ ಸರಿ, "ಸರ್ಟಿಫಿಕೇಟ್" ಎಂದರೂ ಸರಿ. ನಿಮ್ಮ ಆಫೀಸಿನಲ್ಲಿ ಯಾವುದು ಬಳಕೆಯಲ್ಲಿದೆಯೋ ಅದು.

ಮೇಲ್‌ನ ಒಳಗೆ ಎಲ್ಲ ಸರಿಯಾಗಿ ಬರೆದು ಹೊರಗೆ ಎಡವುವವರೂ ಇದ್ದಾರೆ. ವಿಷಯದ ಸಾಲು ಮೊಬೈಲಿನ ನೋಟಿಫಿಕೇಶನ್‌ನಲ್ಲಿ ಎಲ್ಲರ ಕಣ್ಣಿಗೂ ಬೀಳುತ್ತದೆ, ಸ್ಕ್ರೀನ್ ದೊಡ್ಡ ಪರದೆಗೆ ಹಾಕಿದ್ದರಂತೂ ಕೇಳುವುದೇ ಬೇಡ. ಅಲ್ಲಿ ರಜೆ ಮತ್ತು ತಾರೀಕು ಮಾತ್ರ ಇರಲಿ. ಫೈಲಿನ ಹೆಸರೂ ಅಷ್ಟೆ. ಜಿಮೇಲ್‌ನಲ್ಲಿ ಮೇಲ್ ತೆರೆಯುವ ಮೊದಲೇ ಪಟ್ಟಿಯಲ್ಲಿ ಲಗತ್ತಿನ ಹೆಸರು ಕಾಣಿಸಬಹುದು. ಹೀಗಿಟ್ಟರೆ ಸಾಕು:

```
Medical-Certificate_12-21-June.pdf
```

`hernia-surgery.pdf` ಎಂದಿಟ್ಟರೆ ನೀವು ಮೇಲ್‌ನಲ್ಲಿ ಬಿಟ್ಟಿದ್ದನ್ನೆಲ್ಲ ಫೈಲೇ ಹೇಳಿಬಿಡುತ್ತದೆ. `IMG_4471.jpg` ಎಂದು ಬಿಟ್ಟರೆ ಆರು ತಿಂಗಳ ನಂತರ ಯಾರಿಗೂ ಅದು ಏನೆಂದು ಗೊತ್ತಾಗುವುದಿಲ್ಲ.

ಸಿಸಿ ವಿಷಯ. ಸಿಸಿಯಲ್ಲಿ ಇರುವ ಪ್ರತಿಯೊಬ್ಬರಿಗೂ ಲಗತ್ತು ಹೋಗುತ್ತದೆ, ಅವರಿಗೆ ಬೇಕೋ ಬೇಡವೋ. ನಿಮ್ಮ ಮ್ಯಾನೇಜರು ಸರ್ಟಿಫಿಕೇಟ್ ನೋಡಲೇಬೇಕೆಂಬ ನಿಯಮ ಇಲ್ಲದಿದ್ದರೆ ನಾನು ನಿಮ್ಮ ಜಾಗದಲ್ಲಿ ಎರಡು ಮೇಲ್ ಮಾಡುತ್ತಿದ್ದೆ. ಮ್ಯಾನೇಜರಿಗೆ ಹೋಗುವುದರಲ್ಲಿ ಲಗತ್ತೇ ಇಲ್ಲ, ಅದರ ಬದಲು ಈ ಸಾಲು:

> 12ರಿಂದ 21ರವರೆಗಿನ ವೈದ್ಯರ ಪ್ರಮಾಣಪತ್ರವನ್ನು ಎಚ್‌ಆರ್‌ಗೆ ಕಳಿಸಿದ್ದೇನೆ.

ಎಚ್‌ಆರ್‌ಗೆ ಹೋಗುವುದರಲ್ಲಿ ಲಗತ್ತು ಮತ್ತು ಎರಡೇ ಸಾಲು: "ಮ್ಯಾನೇಜರಿಗೆ ಇವತ್ತು ಕಳಿಸಿದ ರಜೆ ಕೋರಿಕೆಗೆ ಸಂಬಂಧಿಸಿದ ಪ್ರಮಾಣಪತ್ರ ಇದರ ಜೊತೆ ಇದೆ. ದಯವಿಟ್ಟು ನನ್ನ ಫೈಲಿಗೆ ಸೇರಿಸಿ." ಮುಂದೆ ಮ್ಯಾನೇಜರು ತಮ್ಮ ಮೇಲ್ ಅನ್ನು ಯಾರಿಗೇ ಫಾರ್ವರ್ಡ್ ಮಾಡಿದರೂ ಅದರಲ್ಲಿ ಹೋಗುವುದು ತಾರೀಕುಗಳು ಮಾತ್ರ. ಕೆಲವು ಮ್ಯಾನೇಜರುಗಳು "ನನಗೂ ಕಳಿಸಿ" ಎನ್ನುತ್ತಾರೆ. ಅದು ನಿಮ್ಮ ಆಫೀಸಿನ ಪದ್ಧತಿಯಾದರೆ ಕಳಿಸಿ, ಅದಕ್ಕಾಗಿ ಆಸ್ಪತ್ರೆಯ ಹಾಸಿಗೆಯಿಂದ ವಾದ ಮಾಡಬೇಡಿ.

ಸರ್ಟಿಫಿಕೇಟ್ ಇನ್ನೂ ಕೈಗೆ ಬಂದಿಲ್ಲ ಎಂಬ ಸಂದರ್ಭದಲ್ಲಿ ಜನ ಜಾಸ್ತಿ ಬರೆಯುತ್ತಾರೆ. ದಾಖಲೆ ಇಲ್ಲದ ಕೊರತೆಯನ್ನು ವಿವರಗಳಿಂದ ತುಂಬುವ ಆಸೆ. ಎಷ್ಟು ಜ್ವರ, ಏನು ಟೆಸ್ಟು, ಡಾಕ್ಟರು ಏನಂದರು, ಎಲ್ಲ ಬರುತ್ತದೆ. ಬೇಡ. "ಪ್ರಮಾಣಪತ್ರ ಸಿಕ್ಕಿದ ಕೂಡಲೇ ಕಳಿಸುತ್ತೇನೆ, ಶುಕ್ರವಾರದೊಳಗೆ ಸಿಗಬಹುದು" ಎಂದರೆ ಆಯಿತು. ಸಿಕ್ಕಿದ ಮೇಲೆ ಹೊಸ ಮೇಲ್ ಶುರು ಮಾಡದೆ ಅದೇ ಮೇಲ್‌ಗೆ ರಿಪ್ಲೈ ಮಾಡಿ ಲಗತ್ತಿಸಿ, "ಕೆಳಗಿನ ಕೋರಿಕೆಗೆ ಸಂಬಂಧಿಸಿದ ಪ್ರಮಾಣಪತ್ರ ಇದು" ಎಂದು ಒಂದು ಸಾಲು ಬರೆಯಿರಿ. ಕೋರಿಕೆ ಕೆಳಗೇ ಇದೆ, ಕಾಯಿಲೆ ಕಾಗದದಲ್ಲಿದೆ, ಮತ್ತೆ ಹೇಳಲು ಏನೂ ಉಳಿದಿಲ್ಲ. ವಿಶ್ರಾಂತಿ ಮುಂದುವರಿದರೂ ಇದೇ ದಾರಿ, "ರಜೆಯನ್ನು 28ರವರೆಗೆ ಮುಂದುವರಿಸಬೇಕಾಗಿದೆ, 21ರಂದು ಕೊಟ್ಟ ಎರಡನೆಯ ಪ್ರಮಾಣಪತ್ರ ಲಗತ್ತಿಸಿದ್ದೇನೆ" ಎಂದು. ಇನ್ನು ವಾಪಸ್ ಬರುವ ದಿನ ಕೆಲವು ಕಡೆ ಫಿಟ್ನೆಸ್ ಸರ್ಟಿಫಿಕೇಟ್ ಕೇಳುತ್ತಾರೆ, ಅಂದರೆ ಈಗ ಕೆಲಸ ಮಾಡಬಹುದು ಎಂದು ಡಾಕ್ಟರು ಬರೆದುಕೊಡುವ ಕಾಗದ. ಅದು ಈ ಸರ್ಟಿಫಿಕೇಟ್ ಅಲ್ಲ, ಬೇರೆಯದೇ. ಎರಡಕ್ಕೂ "ಮೆಡಿಕಲ್" ಎಂದು ಒಂದೇ ಹೆಸರಲ್ಲಿ ಕರೆದು ಗೊಂದಲ ಮಾಡಬೇಡಿ.

ಬರೆಯುವ ಕ್ರಮವನ್ನೂ ಹೇಳಿಬಿಡುತ್ತೇನೆ. ಮೊದಲು ಫೈಲ್ ಲಗತ್ತಿಸಿ, ಆಮೇಲೆ ಬರೆಯಿರಿ, ಕೊನೆಗೆ ಯಾರಿಗೆ ಎಂಬ ಜಾಗ ತುಂಬಿ. "ಲಗತ್ತಿಸಿದ್ದೇನೆ" ಎಂದು ಬರೆದು ಲಗತ್ತಿಸದೆ ಕಳಿಸಿದ ಮೇಲ್‌ಗಳು ನನ್ನ ಕಾಲದಲ್ಲಿ ಲೆಕ್ಕವಿಲ್ಲದಷ್ಟು ಬಂದಿವೆ. ಕಳಿಸುವ ಮೊದಲು ಆ ಡ್ರಾಫ್ಟಿನಿಂದಲೇ ಫೈಲನ್ನು ತೆರೆದು ನೋಡಿ, ಫೋನಿನ ಗ್ಯಾಲರಿಯಿಂದ ಅಲ್ಲ. ನೋಡಬೇಕಾದ್ದು ನಾಲ್ಕು ಕಡೆ: ನಿಮ್ಮ ಹೆಸರು, ಎರಡು ತಾರೀಕು, ಡಾಕ್ಟರ ಸಹಿ, ಅವರ ನೋಂದಣಿ ಸಂಖ್ಯೆ ಇರುವ ಮೊಹರು. ಫೋಟೊ ತೆಗೆಯುವಾಗ ಕಾಗದದ ಕೆಳ ಅಂಚು ಕತ್ತರಿಸಿ ಹೋಗುವುದು ಬಹಳ, ಮೊಹರು ಇರುವುದು ಅಲ್ಲೇ. ಆ ತಾರೀಕುಗಳನ್ನೂ ನೀವು ಮೇಲ್‌ನಲ್ಲಿ ಬರೆದ ತಾರೀಕುಗಳನ್ನೂ ಬೆರಳಿಟ್ಟು ಹೋಲಿಸಿ. ಡಾಕ್ಟರೇ ತಪ್ಪು ಬರೆದಿದ್ದರೆ ಮೇಲ್‌ನಲ್ಲಿ "ಅಲ್ಲಿ 12 ಎಂದಿದೆ, 11 ಎಂದು ಓದಿಕೊಳ್ಳಿ" ಎಂದೆಲ್ಲ ಬರೆಯಲು ಹೋಗಬೇಡಿ, ಕಾಗದವನ್ನು ಅವರಿಂದಲೇ ತಿದ್ದಿಸಿ ತನ್ನಿ.